ಎರಡನೇ ಶಿಫ್ಟ್‌ನ ಊಟ ಮತ್ತು ಒಂದೂವರೆ ಪುಟದ ಕವರಿಂಗ್ ಲೆಟರ್

ಪ್ರಶ್ನೆ: ಮೇಡಂ, ತುಮಕೂರಿನಲ್ಲಿ ಒಂಬತ್ತು ವರ್ಷದಿಂದ ಕೇಟರಿಂಗ್ ಮಾಡುತ್ತಿದ್ದೇನೆ. ಮೂರು ಸಣ್ಣ ಫ್ಯಾಕ್ಟರಿಗಳ ಕ್ಯಾಂಟೀನ್ ನಮ್ಮದೇ. ಜೂನ್ 5ಕ್ಕೆ ವಸಂತನರಸಾಪುರದ ಒಂದು ದೊಡ್ಡ ಕಂಪನಿಗೆ ಹೋಗಿದ್ದೆ. ಅಲ್ಲಿ 420 ಜನ, ಎರಡು ಶಿಫ್ಟ್. ಅಡ್ಮಿನ್ ಮ್ಯಾನೇಜರ್ ಮುಕ್ಕಾಲು ಗಂಟೆ ಕೂರಿಸಿಕೊಂಡು ಮಾತಾಡಿದರು, ಅವರೇ ಪ್ರಪೋಸಲ್ ಕಳಿಸಿ ಅಂದರು. ಜೂನ್ 9ಕ್ಕೆ 22 ಪುಟದ ಪ್ರಪೋಸಲ್, ಮೇಲೆ ಒಂದೂವರೆ ಪುಟದ ಕವರಿಂಗ್ ಲೆಟರ್ ಮೇಲ್ ಮಾಡಿದೆ. ಮೂರು ವಾರ ಆಯ್ತು, ಈಗ ಅವರು ನನ್ನ ಫೋನೇ ಎತ್ತುತ್ತಿಲ್ಲ. ಲೆಟರ್ ಉದ್ದ ಆಯ್ತಾ? ರೇಟ್ ಅದರಲ್ಲೇ ಹಾಕಬೇಕಿತ್ತಾ? ಕವರಿಂಗ್ ಲೆಟರ್ ಯಾರೂ ಓದಲ್ಲ ಅಂತಾನೆ ನನ್ನ ಅಳಿಯ. ಎರಡರ ಪ್ರತಿಯನ್ನೂ ಜೊತೆಗೆ ಇಟ್ಟಿದ್ದೇನೆ.

ಉತ್ತರ: ನಿಮ್ಮ ಅಳಿಯ ಹೇಳಿದ್ದು ಅರ್ಧ ನಿಜ. ಹದಿನೇಳು ವರ್ಷ ನಾನು ಒಂದು ಕಂಪನಿಯ ಪರ್ಚೇಸ್ ವಿಭಾಗದಲ್ಲಿ ಕೂತಿದ್ದೆ. ಪ್ರಪೋಸಲ್ ಬಂದ ತಕ್ಷಣ ನಾನು ತೆಗೆಯುತ್ತಿದ್ದದ್ದು ರೇಟ್ ಶೀಟ್. ಲೆಟರ್ ಕಡೆ ಕಣ್ಣು ಹಾಯಿಸುತ್ತಿದ್ದೆ, ಅಷ್ಟೇ. ಆದರೆ ಕ್ಯಾಂಟೀನ್ ಕಾಂಟ್ರಾಕ್ಟ್ ಅಂಥದ್ದನ್ನು ಪರ್ಚೇಸ್ ಒಂದೇ ತೀರ್ಮಾನ ಮಾಡುವುದಿಲ್ಲ. ನಿಮ್ಮ ಮೇಲ್ ಅಡ್ಮಿನ್ ಮ್ಯಾನೇಜರ್‌ಗೆ ಹೋಯಿತು. ಅವರು ಅದನ್ನು ಎಚ್‌ಆರ್ ಹೆಡ್‌ಗೆ, ಪರ್ಚೇಸ್‌ಗೆ, ಫೈನಾನ್ಸ್‌ಗೆ ಫಾರ್ವರ್ಡ್ ಮಾಡಬೇಕು. ಕೊನೆಗೆ ಪ್ಲಾಂಟ್ ಹೆಡ್ ಸಹಿ ಹಾಕಬೇಕು. ಆ ಮನುಷ್ಯ 22 ಪುಟ ತಿರುವುವುದಿಲ್ಲ, ಮೊದಲ ಪುಟ ಓದಿ "ಏನಿದು, ಈಗಿರೋರನ್ನ ಯಾಕೆ ಬದಲಾಯಿಸಬೇಕು?" ಅಂತ ಕೇಳುತ್ತಾರೆ. ಆ ಮೊದಲ ಪುಟವೇ ನಿಮ್ಮ ಕವರಿಂಗ್ ಲೆಟರ್.

ಅಂದರೆ ಲೆಟರ್ ಹೋಗಬೇಕಾದ್ದು ನೀವು ಇನ್ನೂ ನೋಡದೇ ಇರುವವರ ಕೈಗೆ. ನೀವು ಭೇಟಿಯಾದವರು ಅದನ್ನು ಅಲ್ಲಿಗೆ ಹೊತ್ತುಕೊಂಡು ಹೋಗುವವರು. ಬರೆದು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅಡ್ಮಿನ್ ಮ್ಯಾನೇಜರ್ ಇದಕ್ಕೆ ಒಂದು ಪದವನ್ನೂ ಸೇರಿಸದೆ, ಮುಜುಗರ ಪಡದೆ ಮೇಲಿನವರಿಗೆ ಫಾರ್ವರ್ಡ್ ಮಾಡಬಹುದಾ?

ನಿಮ್ಮ ಲೆಟರ್ ಅಲ್ಲೇ ಎಡವಿದೆ. ಉದ್ದ ದೊಡ್ಡ ತಪ್ಪಲ್ಲ. ಎರಡನೇ ಪ್ಯಾರಾದಲ್ಲಿ ಹೀಗಿದೆ: "ತಾವು ತಿಳಿಸಿದಂತೆ ಈಗಿನ ವೆಂಡರ್ ಎರಡನೇ ಶಿಫ್ಟ್‌ಗೆ ತಣ್ಣಗಿನ, ಕಳಪೆ ಊಟ ಕೊಡುತ್ತಿದ್ದು, ದಿನವೂ ಬಹಳಷ್ಟು ವ್ಯರ್ಥವಾಗುತ್ತಿದೆ." ನೀವು ಕಷ್ಟವನ್ನು ಸರಿಯಾಗೇ ಹಿಡಿದಿದ್ದೀರಿ. ಆದರೆ ಆ ವೆಂಡರ್‌ನನ್ನು ಆರಿಸಿದವರು ಯಾರು? ಬಹುಶಃ ಅದೇ ಅಡ್ಮಿನ್ ಮ್ಯಾನೇಜರ್. ತಿಂಗಳು ತಿಂಗಳು ಅವನ ಬಿಲ್ ಪಾಸ್ ಮಾಡಿದವರೂ ಅವರೇ. ನಾಲ್ಕು ಗೋಡೆಯ ನಡುವೆ, ಕಾಫಿ ಕುಡಿಯುತ್ತಾ ನಿಮ್ಮನ್ನು ನಂಬಿ ಹೇಳಿದ ಮಾತನ್ನು ನೀವು ಲೆಟರ್‌ಹೆಡ್ ಮೇಲೆ ಹಾಕಿ, "ತಾವು ತಿಳಿಸಿದಂತೆ" ಅಂತ ಅವರ ಬಾಯಿಗೇ ಕಟ್ಟಿ ಕಳಿಸಿದ್ದೀರಿ. ಅದನ್ನು ಅವರು ಎಚ್‌ಆರ್ ಹೆಡ್‌ಗೆ ಕಳಿಸಿದರೆ ಮೊದಲು ಬರುವ ಪ್ರಶ್ನೆ "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಅನ್ನುವುದೇ. ಫೋನ್ ಎತ್ತದೇ ಇರುವುದಕ್ಕೆ ಇದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಅವರ ಕುರ್ಚಿಯಲ್ಲಿ ನಾನಿದ್ದಿದ್ದರೆ ಆ ಮೇಲ್ ಅಲ್ಲೇ ಕೊಳೆಯುತ್ತಿತ್ತು.

ಹಾಗಂತ ಕಷ್ಟವನ್ನು ಬರೆಯಲೇಬಾರದು ಅಂತಲ್ಲ. ದೂರನ್ನು ಅವರ ಅಗತ್ಯದ ರೂಪಕ್ಕೆ ತಿರುಗಿಸಿ ಬರೆಯಬೇಕು. "ಎರಡನೇ ಶಿಫ್ಟ್‌ನವರಿಗೆ ಸಂಜೆ 7ಕ್ಕೆ ಬಿಸಿ ಊಟ ಸಿಗಬೇಕು, ಉಳಿಯುವುದು ಕಡಿಮೆಯಾಗಬೇಕು" ಅಂದರೆ ವಿಷಯ ಅದೇ, ಆದರೆ ಯಾರ ಮೇಲೂ ಬೆರಳು ತೋರಿಸಿದ ಹಾಗಾಗುವುದಿಲ್ಲ.

ಇನ್ನು ಮೊದಲ ಪ್ಯಾರಾ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಅಂತ ಶುರುವಾಗಿ, ನಿಮ್ಮ ಸಂಸ್ಥೆ ಎಂದು ಹುಟ್ಟಿತು, ಗುಣಮಟ್ಟ, ಶುಚಿ, ರುಚಿಗೆ ಹೆಸರಾದದ್ದು, ನುರಿತ ಸಿಬ್ಬಂದಿ ಇರುವುದು ಅಂತ ಹನ್ನೊಂದು ಸಾಲು ಹೋಗಿದೆ. (ಇದು ನಾವು ಶಾಲೆಯಲ್ಲಿ ಹೆಡ್‌ಮಾಸ್ಟರಿಗೆ ರಜಾ ಅರ್ಜಿ ಬರೆದು ಬರೆದು ಕಲಿತ ಧಾಟಿ. ಇಂಗ್ಲಿಷ್‌ನಲ್ಲಿ ಬರೆದರೂ ಬಿಡುವುದಿಲ್ಲ!) ಕ್ಯಾಂಟೀನ್‌ಗೆ ಪ್ರಪೋಸಲ್ ಕಳಿಸುವ ಪ್ರತಿಯೊಬ್ಬರೂ ಶುಚಿ, ರುಚಿ ಅಂತಲೇ ಬರೆಯುತ್ತಾರೆ. ಐದು ಲೆಟರ್ ಪಕ್ಕಪಕ್ಕ ಇಟ್ಟು ಹೆಸರು ಮುಚ್ಚಿದರೆ ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ.

ಬೇಜಾರಿನ ಸಂಗತಿ ಏನೆಂದರೆ, ನಿಮ್ಮ ಹತ್ತಿರ ನಿಜವಾದ ಉತ್ತರ ಇದೆ. ಪ್ರಪೋಸಲ್‌ನ 14ನೇ ಪುಟದಲ್ಲಿ, ಮೆನು ಪಟ್ಟಿಯ ಕೆಳಗೆ ಅಡಗಿದೆ. ಎರಡನೇ ಶಿಫ್ಟ್‌ಗೆ ಬೇರೆಯಾಗಿ ಸಂಜೆ ಅಡುಗೆ ಮಾಡುತ್ತೀರಿ. ಬೆಳಗ್ಗೆಯದನ್ನೇ ಹಾಟ್ ಬಾಕ್ಸ್‌ನಲ್ಲಿಟ್ಟು ರಾತ್ರಿಗೂ ಕಳಿಸುವುದಿಲ್ಲ. ಶಿಫ್ಟ್ ಶುರುವಾದ ಮೇಲೆ ತಲೆಲೆಕ್ಕ ತೆಗೆದುಕೊಂಡು ಅಷ್ಟಕ್ಕೇ ಒಲೆ ಹಚ್ಚುತ್ತೀರಿ. ಪ್ಲಾಂಟ್ ಹೆಡ್ ಕೇಳುವ "ಯಾಕೆ ಬದಲಾಯಿಸಬೇಕು" ಅನ್ನುವುದಕ್ಕೆ ಉತ್ತರ ಇದೇ ಅಲ್ವಾ? ಇದು ಲೆಟರ್‌ನ ಮೊದಲ ಅರ್ಧದಲ್ಲಿ ಇರಬೇಕಿತ್ತು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ನೀವು ಹೇಗೂ ಇಂಗ್ಲಿಷ್‌ನಲ್ಲೇ ಕಳಿಸುತ್ತೀರಿ, ಹೂರಣ ಮಾತ್ರ ಇಲ್ಲಿಂದ ತೆಗೆದುಕೊಳ್ಳಿ:

> ವಿಷಯ: ಎರಡು ಶಿಫ್ಟ್‌ನ 420 ಜನರ ಕ್ಯಾಂಟೀನ್‌ಗೆ ಪ್ರಪೋಸಲ್. ಜೂನ್ 9ರ ನಮ್ಮ ಪತ್ರದ ಬದಲಿಗೆ ಇದನ್ನು ಪರಿಗಣಿಸಿ.
>
> ಜೂನ್ 5ರಂದು ನಿಮ್ಮ ಕಚೇರಿಯಲ್ಲಿ ನಡೆದ ಮಾತುಕತೆಯಂತೆ ಈ ಪ್ರಪೋಸಲ್ ಕಳಿಸುತ್ತಿದ್ದೇವೆ. ಎರಡನೇ ಶಿಫ್ಟ್‌ನ 160 ಜನರಿಗೆ ಸಂಜೆ 7ಕ್ಕೆ ಬಿಸಿ ಊಟ ಸಿಗಬೇಕು ಮತ್ತು ಊಟ ಉಳಿಯುವುದು ಕಡಿಮೆಯಾಗಬೇಕು. ಇವೆರಡು ನಿಮ್ಮ ಮುಖ್ಯ ಅಗತ್ಯ ಎಂದು ಅರ್ಥ ಮಾಡಿಕೊಂಡಿದ್ದೇವೆ.
>
> ಎರಡನೇ ಶಿಫ್ಟ್‌ನ ತಲೆಲೆಕ್ಕವನ್ನು ಮಧ್ಯಾಹ್ನ 3ಕ್ಕೆ ನಿಮ್ಮಿಂದ ಪಡೆದು, ಅಷ್ಟು ಜನರಿಗೆ ಬೇರೆಯಾಗಿ ಅಡುಗೆ ಮಾಡುತ್ತೇವೆ. ಗಾಡಿ 5.45ಕ್ಕೆ ಹೊರಟು 6.30ಕ್ಕೆ ನಿಮ್ಮ ಗೇಟ್ ತಲುಪುತ್ತದೆ. ಬಡಿಸುವ ಮೊದಲು ಅನ್ನ, ಸಾಂಬಾರು, ಪಲ್ಯದ ಬಿಸಿಯನ್ನು ಥರ್ಮಾಮೀಟರ್‌ನಲ್ಲಿ ನೋಡಿ, ನಿಮ್ಮ ಸಿಬ್ಬಂದಿಯ ಎದುರಿಗೇ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. 60 ಡಿಗ್ರಿಗಿಂತ ಕಡಿಮೆ ಇದ್ದರೆ ಬಡಿಸುವುದಿಲ್ಲ, ಮತ್ತೆ ಕಾಯಿಸಿ ಕೊಡುತ್ತೇವೆ (ಪುಟ 14).
>
> ಇದೇ ಪದ್ಧತಿಯಲ್ಲಿ ಇನ್ನೊಂದು ಫ್ಯಾಕ್ಟರಿಯ ಎರಡನೇ ಶಿಫ್ಟ್‌ನ 110 ಜನರಿಗೆ ಎರಡು ವರ್ಷದಿಂದ ಊಟ ಕೊಡುತ್ತಿದ್ದೇವೆ. ಅವರನ್ನು ನೇರವಾಗಿ ಕೇಳಬಹುದು (ಪುಟ 9).
>
> ದರದ ಶೀಟ್ ಪ್ರತ್ಯೇಕವಾಗಿದೆ. ಅದರಲ್ಲಿ ಕನಿಷ್ಠ ಊಟದ ಸಂಖ್ಯೆಯ ಷರತ್ತು ಇದೆ ಎಂಬುದನ್ನು ಗಮನಿಸಿ. ದರ ಮತ್ತು ಷರತ್ತು ಜುಲೈ 31ರವರೆಗೆ ಮಾತ್ರ ಮಾನ್ಯ.
>
> ಜುಲೈ 8 ಅಥವಾ 10ರಂದು ಎರಡನೇ ಶಿಫ್ಟ್‌ನ 20 ಜನರಿಗೆ ನಮ್ಮ ಖರ್ಚಿನಲ್ಲಿ ಊಟ ತಂದು ಬಡಿಸುತ್ತೇವೆ. ಹಿಂದಿನ ದಿನ ತಿಳಿಸಿದರೆ ಸಾಕು.

ಇಷ್ಟೇ. ಒಂದು ಪುಟದಲ್ಲೇ ಮುಗಿದು ಇನ್ನೂ ಜಾಗ ಉಳಿಯುತ್ತದೆ. ನಿಮ್ಮ ಒಂಬತ್ತು ವರ್ಷದ ಕಥೆ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಜಿಎಸ್‌ಟಿ ನಂಬರ್ ಎಲ್ಲ ಪ್ರಪೋಸಲ್ ಒಳಗೆ ಇದೆ, ಇರಲಿ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಒಂದನ್ನು ಲೆಟರ್‌ಹೆಡ್‌ನ ಕೆಳಗೆ ಸಣ್ಣಕ್ಷರದಲ್ಲಿ ಹಾಕಿಬಿಡಿ. ಪರ್ಚೇಸ್‌ನವರು ಅದನ್ನು ಹುಡುಕುತ್ತಾರೆ.

ಥರ್ಮಾಮೀಟರ್ ಸಾಲು ಯಾಕೆ ಬೇಕು ಅಂತ ಅನ್ನಿಸಬಹುದು. "ಬಿಸಿಬಿಸಿ ಊಟ" ಅನ್ನುವುದನ್ನು ಯಾರೂ ಪರೀಕ್ಷೆ ಮಾಡಲಾರರು. 60 ಡಿಗ್ರಿ ಅನ್ನುವುದನ್ನು ಗೇಟಿನಲ್ಲೇ ನೋಡಬಹುದು. ಬಿಸಿ ಊಟವನ್ನು 60 ಡಿಗ್ರಿಗಿಂತ ಮೇಲೆ ಇಡಬೇಕು ಅನ್ನುವುದು ಆಹಾರ ಸುರಕ್ಷತೆಯ ಲೆಕ್ಕವೂ ಹೌದು, ಹಾಗಾಗಿ ಅದು ನೀವು ಸುಮ್ನೆ ಹುಟ್ಟಿಸಿದ ಅಂಕಿ ಅಲ್ಲ. ಆದರೆ ಒಂದು ಎಚ್ಚರಿಕೆ. ಇದನ್ನು ಬರೆದ ಮೇಲೆ ಮಾಡಲೇಬೇಕು. ಮಳೆಯಲ್ಲಿ ಗಾಡಿ ತಡವಾದ ದಿನ ಸಾಂಬಾರು 52ಕ್ಕೆ ಇಳಿದಿದ್ದರೆ ಮತ್ತೆ ಕಾಯಿಸಲು ಅಲ್ಲಿ ಒಲೆ ಇದೆಯಾ? ಇಲ್ಲದಿದ್ದರೆ ಆ ಸಾಲನ್ನು ಹಾಕಬೇಡಿ.

ರೇಟ್ ವಿಷಯಕ್ಕೆ ಬರೋಣ. ರೇಟನ್ನು ಲೆಟರ್‌ನಲ್ಲೇ ಹಾಕಿದರೆ ಧೈರ್ಯ ತೋರಿಸಿದ ಹಾಗೆ ಅಂತ ಕೆಲವರು ಹೇಳುತ್ತಾರೆ. ಹಾಕಲೇಬಾರದು, ಓದುವವರು ಹೆದರಿ ಓಡುತ್ತಾರೆ ಅಂತ ಇನ್ನು ಕೆಲವರು. ಎರಡೂ ಪೂರ್ತಿ ಸರಿಯಲ್ಲ. ಕಂಪನಿಯವರು ಟೆಕ್ನಿಕಲ್, ಕಮರ್ಷಿಯಲ್ ಬೇರೆ ಬೇರೆ ಫೈಲ್ ಕಳಿಸಿ ಅಂದಿದ್ದರೆ ಲೆಟರ್‌ನಲ್ಲಿ ರೇಟ್ ಬರಲೇಕೂಡದು. ಸರ್ಕಾರಿ ಟೆಂಡರ್‌ನಲ್ಲಾದರೆ ಟೆಕ್ನಿಕಲ್ ಕವರ್‌ನಲ್ಲಿ ದರ ಕಾಣಿಸಿತು ಅಂತ ಬಿಡ್ಡನ್ನೇ ತಿರಸ್ಕರಿಸಬಹುದು. ಖಾಸಗಿಯವರು ಅಷ್ಟು ಕಟ್ಟುನಿಟ್ಟಾಗಿ ಇರುವುದಿಲ್ಲ. ಹಾಗೇನೂ ಹೇಳಿಲ್ಲದಿದ್ದರೆ ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು. ಹಾಕಿದರೆ ಮಾತ್ರ ಒಂಟಿಯಾಗಿ ಹಾಕಬೇಡಿ, ಮೊತ್ತವನ್ನು ಬದಲಾಯಿಸುವ ಷರತ್ತು ಅದೇ ಸಾಲಿನಲ್ಲಿರಬೇಕು.

ನಿಮ್ಮದೇ ಉದಾಹರಣೆ ನೋಡಿ. ರೇಟ್ ಶೀಟ್‌ನಲ್ಲಿ ಊಟಕ್ಕೆ 72 ರೂಪಾಯಿ ಅಂತ ದಪ್ಪಕ್ಷರದಲ್ಲಿದೆ. 19ನೇ ಪುಟದಲ್ಲಿ ಸಣ್ಣದಾಗಿ "ಎಂಜಿ 380" ಅಂತಿದೆ. ಅಂದರೆ ಎಷ್ಟೇ ಜನ ಉಂಡರೂ ದಿನಕ್ಕೆ ಕನಿಷ್ಠ 380 ಊಟದ ಬಿಲ್. ರಜೆ, ಗೈರುಹಾಜರಿ ಎಲ್ಲ ಸೇರಿ ಸರಾಸರಿ 350 ಜನ ಉಂಡರು ಅಂದುಕೊಳ್ಳಿ. ಉಣ್ಣದ 30 ಊಟಕ್ಕೆ ದಿನಕ್ಕೆ 2,160 ರೂಪಾಯಿ, 26 ದಿನಕ್ಕೆ 56,160 ರೂಪಾಯಿ. ಫೈನಾನ್ಸ್‌ನವರು ಈ ಲೆಕ್ಕವನ್ನು ಐದು ನಿಮಿಷದಲ್ಲಿ ಹಾಕುತ್ತಾರೆ. 72 ಅಂತ ಖುಷಿಯಾಗಿದ್ದವರಿಗೆ 19ನೇ ಪುಟದಲ್ಲಿ ಇದು ಸಿಕ್ಕಿದರೆ ಮೋಸ ಅನ್ನಿಸುತ್ತದೆ. ಎಂಜಿ ಕೇಳುವುದು ತಪ್ಪಲ್ಲ. ಕೂಲಿ, ಗ್ಯಾಸ್, ಗಾಡಿ ಖರ್ಚು ಜನ ಕಡಿಮೆ ಆದರೂ ಇಳಿಯುವುದಿಲ್ಲ ಅಂತ ಅವರಿಗೂ ಗೊತ್ತು. ಮುಚ್ಚಿಟ್ಟ ಹಾಗೆ ಕಾಣುವುದು ತಪ್ಪು.

ಇಲ್ಲಿ ಇನ್ನೊಂದು ಸಿಕ್ಕು ಇದೆ, ಇದನ್ನು ನೀವು ಗಮನಿಸಿದ ಹಾಗಿಲ್ಲ. ಒಂದು ಕಡೆ "ತಲೆಲೆಕ್ಕ ನೋಡಿ ಅಷ್ಟಕ್ಕೇ ಅಡುಗೆ ಮಾಡಿ ವ್ಯರ್ಥ ತಪ್ಪಿಸುತ್ತೇವೆ" ಅನ್ನುತ್ತೀರಿ, ಇನ್ನೊಂದು ಕಡೆ 380ಕ್ಕೆ ಬಿಲ್ ಮಾಡುತ್ತೀರಿ. ಹಾಗಾದರೆ ಉಳಿತಾಯ ಯಾರಿಗೆ? ಈ ಪ್ರಶ್ನೆ ಖಂಡಿತ ಬರುತ್ತದೆ. ಎಂಜಿಯನ್ನು ದಿನದ ಲೆಕ್ಕದ ಬದಲು ತಿಂಗಳ ಸರಾಸರಿಗೆ ಇಳಿಸಬಹುದು, ಆಗ ಒಂದು ದಿನ ಕಡಿಮೆ ಬಂದದ್ದು ಇನ್ನೊಂದು ದಿನ ಸರಿಹೋಗುತ್ತದೆ. ಅಥವಾ ಎಂಜಿಯನ್ನು 350ಕ್ಕೆ ಇಳಿಸಿ ದರವನ್ನು ಸ್ವಲ್ಪ ಏರಿಸಬಹುದು. ಮೊದಲನೆಯದರಲ್ಲಿ ಹಬ್ಬದ ತಿಂಗಳಿನಲ್ಲಿ ನಿಮಗೆ ಹೊಡೆತ ಬೀಳಬಹುದು. ಎರಡನೆಯದರಲ್ಲಿ ದರದ ಹೋಲಿಕೆ ಪಟ್ಟಿಯಲ್ಲಿ ನಿಮ್ಮ ಹೆಸರು ಕೆಳಗೆ ಹೋಗಬಹುದು. ನಾನು ಮೊದಲನೆಯದನ್ನೇ ಆರಿಸುತ್ತಿದ್ದೆ.

ಕವರಿಂಗ್ ಲೆಟರ್ ಸುಮ್ನೆ ಒಂದು ಮರ್ಯಾದೆ, ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ ಅನ್ನುವ ನಂಬಿಕೆಯೂ ಬಹಳ ಜನಕ್ಕಿದೆ. ಇದು ತಪ್ಪು. ವರ್ಕ್ ಆರ್ಡರ್ ತೆಗೆದು ನೋಡಿ. ಮೇಲ್ಗಡೆ ಸಾಮಾನ್ಯವಾಗಿ "ಉಲ್ಲೇಖ: ನಿಮ್ಮ ಇಂಥ ಸಂಖ್ಯೆಯ, ಇಂಥ ದಿನಾಂಕದ ಪತ್ರ" ಅಂತ ಇರುತ್ತದೆ. ಆ ಸಾಲು ಬಂದರೆ ನಿಮ್ಮ ಲೆಟರ್‌ನಲ್ಲಿ ಏನೇನು ಬರೆದಿದ್ದೀರೋ ಅದೆಲ್ಲ ನೀವು ಕೊಟ್ಟ ಮಾತು ಅಂತ ಅವರು ಹಿಡಿಯಬಹುದು. ನಾನು ಪರ್ಚೇಸ್‌ನಲ್ಲಿದ್ದಾಗ ಒಬ್ಬ ಏಸಿ ಸರ್ವಿಸ್‌ನವರು ಲೆಟರ್‌ನಲ್ಲಿ ಉತ್ಸಾಹದಿಂದ "24 ಗಂಟೆಯೊಳಗೆ ರಿಪೇರಿ" ಅಂತ ಬರೆದಿದ್ದರು, ಪ್ರಪೋಸಲ್ ಒಳಗೆ 72 ಗಂಟೆ ಅಂತಿತ್ತು. ಮೊದಲ ಬೇಸಿಗೆಯಲ್ಲೇ ಜಗಳ ಆಯಿತು. ನಮ್ಮವರು ಲೆಟರ್ ತೆಗೆದು ಮುಂದಿಟ್ಟರು, ದಂಡ ಕತ್ತರಿಸಿದರು. ಸಹಿ ಅವರದ್ದೇ ಇತ್ತು, ಏನು ಹೇಳುತ್ತಾರೆ? ನನಗೆ ಆಗ ಅಯ್ಯೋ ಅನ್ನಿಸಿತ್ತು, ಆದರೆ ಕಾಗದ ನಮ್ಮ ಕಡೆ ಇತ್ತು.

ನಿಮ್ಮ ಲೆಟರ್‌ನಲ್ಲೂ ಅಂಥದ್ದು ಒಂದಿದೆ: "ಯಾವುದೇ ಸಮಯದಲ್ಲಿ ಎಷ್ಟೇ ಹೆಚ್ಚುವರಿ ಊಟ ಬೇಕಾದರೂ ಒದಗಿಸಲು ಸಿದ್ಧ." ಆಡಿಟ್ ದಿನ ಸಂಜೆ 5ಕ್ಕೆ ಫೋನ್ ಮಾಡಿ 90 ಊಟ ಜಾಸ್ತಿ ಬೇಕು ಅಂದರೆ ಏನು ಮಾಡುತ್ತೀರಿ? ಈ ಸಾಲು ತೆಗೆಯಿರಿ. ಬೇಕಿದ್ದರೆ "ಊಟದ ಸಮಯಕ್ಕೆ 4 ಗಂಟೆ ಮುಂಚೆ ತಿಳಿಸಿದರೆ 40 ಊಟದವರೆಗೆ" ಅಂತ ಪ್ರಪೋಸಲ್ ಒಳಗೆ ಬರೆಯಿರಿ.

ಜುಲೈ 31 ಅಂತ ತಾರೀಖು ಹಾಕಿದ್ದಕ್ಕೂ ಕಾರಣ ಇದೆ. 1872ರ ಕರಾರು ಕಾಯ್ದೆಯ ಪ್ರಕಾರ, ಪ್ರಸ್ತಾವದಲ್ಲಿ ಗಡುವು ಹೇಳಿದ್ದರೆ ಅದು ಮುಗಿದ ಮೇಲೆ ಪ್ರಸ್ತಾವ ತಾನಾಗೇ ಬಿದ್ದುಹೋಗುತ್ತದೆ. ಗಡುವು ಹೇಳದಿದ್ದರೆ "ಸಮಂಜಸವಾದ ಕಾಲ" ಅನ್ನುವ ಮಾತು ಬರುತ್ತದೆ. ಅದು ಎಷ್ಟು ದಿನ ಅಂತ ವಾದ ಮಾಡುತ್ತಾ ಕೂರಬೇಕು. ಅಷ್ಟರಲ್ಲಿ ಎಣ್ಣೆ, ಬೇಳೆ, ಸಿಲಿಂಡರ್ ಬೆಲೆ ಎಲ್ಲಿಗೆ ಹೋಗಿರುತ್ತದೋ. ಅವರು ಒಪ್ಪಿಗೆ ಕಳಿಸುವ ಮುಂಚೆ ನೀವು ಪ್ರಸ್ತಾವ ವಾಪಸ್ ಪಡೆಯಬಹುದು, ಅದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಆದರೆ ಒಮ್ಮೆ ಹಾಗೆ ಮಾಡಿದ ವೆಂಡರ್‌ನನ್ನು ಪರ್ಚೇಸ್‌ನವರು ಮರೆಯುವುದಿಲ್ಲ. ತಾರೀಖು ಹಾಕುವುದೇ ಸುಲಭ.

ನಿಮ್ಮ ಲೆಟರ್‌ನ ಕೊನೆಯ ಪ್ಯಾರಾದಲ್ಲಿ ಇರುವ, 45 ದಿನದೊಳಗೆ ಬಿಲ್ ಪಾವತಿಸಬೇಕು ಅನ್ನುವ ಮಾತನ್ನೂ ಅಲ್ಲಿಂದ ತೆಗೆಯಿರಿ. ಕಾನೂನು ನಿಮ್ಮ ಕಡೆ ಇರುವುದು ನಿಜ. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮಕ್ಕೆ, ಬರಹದ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಕಾಯಿಸುವಂತಿಲ್ಲ ಅಂತ 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಆದರೆ ಇನ್ನೂ ಒಂದು ಊಟ ಕೂಡ ಹಾಕದೆ ಕವರಿಂಗ್ ಲೆಟರ್‌ನಲ್ಲಿ "ತಡವಾದರೆ ಬಡ್ಡಿ" ಅಂದರೆ ಹೆಣ್ಣು ನೋಡಲು ಹೋದ ಮನೆಯಲ್ಲಿ ವಿಚ್ಛೇದನದ ಮಾತಾಡಿದ ಹಾಗೆ. ಉದ್ಯಮ್ ನಂಬರ್, ಪಾವತಿಯ ದಿನ ಎರಡನ್ನೂ ರೇಟ್ ಶೀಟ್‌ನ ಷರತ್ತುಗಳಲ್ಲಿ ಹಾಕಿ. ಫೈನಾನ್ಸ್‌ನವರಿಗೆ ಅಷ್ಟೇ ಸಾಕು.

ಕಳಿಸುವ ರೀತಿ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಸಹಿ ಮಾಡಿದ ಲೆಟರ್ ಪ್ರಪೋಸಲ್ ಪಿಡಿಎಫ್‌ನ ಮೊದಲ ಪುಟವಾಗಿರಲಿ, ಬೇರೆ ಫೈಲ್ ಮಾಡಬೇಡಿ. ಫಾರ್ವರ್ಡ್ ಮಾಡುವಾಗ ಬೇರೆ ಫೈಲ್ ಕಳಚಿಕೊಳ್ಳುತ್ತದೆ. ಮೇಲ್‌ನಲ್ಲಿ ನಾಲ್ಕು ಸಾಲು ಸಾಕು. ನಿಮ್ಮ ಪಿಡಿಎಫ್ 18 ಎಂಬಿ ಇದೆ, ಅಡುಗೆಮನೆಯ ಫೋಟೋಗಳಿಂದ. ಬಹಳ ಕಂಪನಿಗಳ ಮೇಲ್ ಅಷ್ಟು ದೊಡ್ಡದನ್ನು ತಡೆದುಬಿಡುತ್ತದೆ. 5 ಎಂಬಿಯೊಳಗೆ ಇಳಿಸಿ.

ಈಗ ಮುಂದೇನು? ಅಡ್ಮಿನ್ ಮ್ಯಾನೇಜರ್‌ಗೆ ಮತ್ತೆ ಮತ್ತೆ ಫೋನ್ ಮಾಡಬೇಡಿ. ಒಂದು ಸಣ್ಣ ಮೆಸೇಜ್ ಹಾಕಿ: "ಸರ್, ಜೂನ್ 9ರ ಲೆಟರ್ ಸರಿಯಾಗಿ ಬರೆದಿರಲಿಲ್ಲ. ತಿದ್ದಿದ ಪ್ರತಿ ಕಳಿಸುತ್ತಿದ್ದೇನೆ, ಹಳೆಯದನ್ನು ಬಿಟ್ಟುಬಿಡಿ." ಕ್ಷಮೆ ಕೇಳಿ ವಿವರಿಸಲು ಹೋಗಬೇಡಿ, ಅವರಿಗೆ ಅರ್ಥವಾಗುತ್ತದೆ. ಹೊಸ ಮೇಲನ್ನು ಹಳೆಯ ಮೇಲ್‌ಗೆ ರಿಪ್ಲೈ ಆಗಿ ಕಳಿಸಬೇಡಿ. ಕಳಿಸಿದರೆ ಹಳೇ ಲೆಟರ್‌ನ ಸಂಗತಿ ಕೆಳಗೆ ಬಾಲದ ಹಾಗೆ ಅಂಟಿಕೊಂಡು ಪ್ಲಾಂಟ್ ಹೆಡ್‌ವರೆಗೂ ಹೋಗುತ್ತದೆ.

ಇಷ್ಟಾದರೂ ಉತ್ತರ ಬರದೇ ಇರಬಹುದು. ಈಗಿನ ವೆಂಡರ್‌ನ ಕಾಂಟ್ರಾಕ್ಟ್ ಮಾರ್ಚ್‌ವರೆಗೆ ಇದ್ದರೆ ಎಷ್ಟು ಚೆನ್ನಾದ ಲೆಟರ್ ಬರೆದರೂ ಅದು ಡ್ರಾಯರ್‌ನಲ್ಲೇ ಇರುತ್ತದೆ. ಇನ್ನೊಂದು ಸಾಧ್ಯತೆ, ಅವರಿಗೆ ಫೈಲ್‌ಗೆ ಮೂರು ಕೊಟೇಶನ್ ಬೇಕಿತ್ತು, ನೀವು ಮೂರನೆಯವರು. ಹೇಗೆ ಗೊತ್ತಾಗುತ್ತದೆ ಅಂದರೆ, ಎಂಜಿ ಯಾಕೆ 380, ಗಾಡಿ ಕೆಟ್ಟರೆ ಏನು ಮಾಡುತ್ತೀರಿ, ಆ 110 ಜನರ ಫ್ಯಾಕ್ಟರಿಯವರ ನಂಬರ್ ಕೊಡಿ ಅಂತ ಕೇಳಿದರೆ ಅವರು ನಿಜವಾಗಿ ಯೋಚಿಸುತ್ತಿದ್ದಾರೆ. "ಬೆಸ್ಟ್ ರೇಟ್ ಕಳಿಸಿ" ಅಂತ ಮಾತ್ರ ಬಂದರೆ ಟ್ರಯಲ್ ಊಟಕ್ಕೆ ದುಡ್ಡು ಹಾಕುವ ಮುಂಚೆ ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತದೆ ಅಂತ ನೇರವಾಗಿ ಕೇಳಿಬಿಡಿ.

ಇನ್ನೊಂದು ಮಾತು. ಹೊಸದನ್ನು ಕಳಿಸುವ ಮುಂಚೆ 17ನೇ ಪುಟದ ಕೆಳಗಿನ ಸಾಲನ್ನು ನೋಡಿ. ಅಲ್ಲಿ ಬೇರೆ ಯಾವುದೋ ಕಂಪನಿಯ ಹೆಸರು ಹಾಗೇ ಉಳಿದುಬಿಟ್ಟಿದೆ.